ಸೋಮವಾರದವರು

ಯಾರ ಕಿವಿ ಎಷ್ಟು ಕೇಳುತ್ತದೆ, ಯಾರ ಎದೆ ಎಷ್ಟು ಗಾಳಿ ಹಿಡಿಯುತ್ತದೆ ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಭಾವನ ವಿಷಯ ಮಾತ್ರ ಹೇಳುತ್ತೇನೆ, ಬರೆದುಕೋ ಹೋಗು ಎಂದು ಅವರೇ ಒಪ್ಪಿದ್ದಾರೆ. ಉಳಿದವರನ್ನು ಗುರುತು ಹತ್ತದ ಹಾಗೆ ಬದಲಿಸಿಟ್ಟಿದ್ದೇನೆ. ಕಾರ್ಖಾನೆಯ ಆರೋಗ್ಯ ಕೊಠಡಿಯಲ್ಲಿ ನರ್ಸ್ ಆಗಿ ಕೂದಲು ನೆರೆಸಿಕೊಂಡವಳ ಬಾಯಿ ಅಷ್ಟು ಸುಲಭಕ್ಕೆ ಸಡಿಲವಾಗುವುದಿಲ್ಲ. ಸಡಿಲವಾಗಿದೆ ಎಂದು ಊರೆಲ್ಲ ಅಂದುಕೊಂಡಿತಲ್ಲ, ಆ ಸಿಟ್ಟಿಗೇ ಇದನ್ನು ಬರೆಯುತ್ತಿರುವುದು.

ನಮ್ಮದು ಕಬ್ಬಿಣದ ಬೀರು, ಮೇಜು, ಕುರ್ಚಿ ಮಾಡುವ ಕಾರ್ಖಾನೆ. ಒಂದು ತುದಿಯಲ್ಲಿ ತಗಡು ಒತ್ತುವ ಪ್ರೆಸ್ ವಿಭಾಗ. ಅಲ್ಲಿ ಪಕ್ಕದವನಿಗೆ ಏನಾದರೂ ಹೇಳಬೇಕಾದರೆ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಇನ್ನೊಂದು ತುದಿಯಲ್ಲಿ ಬಣ್ಣ ಸಿಂಪಡಿಸುವ ವಿಭಾಗ. ಬಣ್ಣ ಗಟ್ಟಿಯಾಗಲಿ ಎಂದು ಬೆರೆಸುವ ಹಾರ್ಡ್‌ನರ್ ಕೆಲವರ ಎದೆಗೆ ಆಗಿಬರುವುದಿಲ್ಲ. ಒಮ್ಮೆ ಅದರಿಂದ ಉಬ್ಬಸ ಹತ್ತಿಕೊಂಡಿತೋ, ಆಮೇಲೆ ಅದರ ಒಂದಿಷ್ಟು ಗಾಳಿ ಸೋಕಿದರೂ ಸಾಕು. ಅದಕ್ಕೇ ಪ್ರೆಸ್ಸಿನವರಿಗೆ ಕಿವಿ ಪರೀಕ್ಷೆ, ಬಣ್ಣದವರಿಗೆ ಊದುವ ಪರೀಕ್ಷೆ. ಕೆಲಸಕ್ಕೆ ಸೇರುವ ಮುಂಚೆ ಒಂದು ಸಲ ಮಾಡಿಟ್ಟುಕೊಳ್ಳುತ್ತೇವೆ, ಮುಂದಿನದನ್ನೆಲ್ಲ ಅದರ ಜೊತೆ ತಾಳೆ ನೋಡಲು. ಆಮೇಲೆ ಕಿವಿಯದು ವರ್ಷ ವರ್ಷ, ಬಣ್ಣದವರದು ಸೇರಿದ ಹೊಸತರಲ್ಲಿ ಇನ್ನೂ ಬೇಗ ಬೇಗ.

ಈ ಅಪವಾದದ ವಾಸನೆ ನನಗೆ ಮೊದಲು ಬಡಿದದ್ದು ಬಣ್ಣದ ವಿಭಾಗಕ್ಕೆ ಸೇರಲು ಬಂದ ಒಬ್ಬ ಹೆಂಗಸಿನಿಂದ. ಬೆಳಗ್ಗೆ ಊದುವ ಯಂತ್ರಕ್ಕೆ ಮೂರು ಲೀಟರಿನ ಸಿರಿಂಜಿನಿಂದ ಗಾಳಿ ತಳ್ಳಿ, ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಿ ಮುಗಿಸಿದ್ದೆ. ಆಕೆಯನ್ನು ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ತುಟಿ ಬಿಗಿ ಹಿಡಿದು ಎದೆ ಖಾಲಿಯಾಗುವ ತನಕ ಊದಿಸಿದೆ. "ಊದು, ಊದು, ಊದು, ಇನ್ನೂ ಇದೆ, ನಿಲ್ಲಿಸಬೇಡ!" ಎಂದು ನಾನು ಕೂಗುವುದನ್ನು ಹೊರಗೆ ಕೇಳಿದವರು ಇಲ್ಲಿ ಹೆರಿಗೆ ಆಗುತ್ತಿದೆ ಎಂದುಕೊಳ್ಳಬೇಕು. ಮೂರು ಸಲ ಚೆನ್ನಾಗಿ ಊದಿದಳು, ಮೂರೂ ಒಂದಕ್ಕೊಂದು ಹೊಂದಿಕೊಂಡವು. ಆಮೇಲೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತೇ ಎಂದು ಕೇಳಿದೆ. ನನ್ನ ಮುಖ ನೋಡದೆ ಮೂಗಿನ ಕ್ಲಿಪ್ ತೆಗೆದು ಕೈಗಿಟ್ಟಳು.

"ಇಲ್ಲ ಸಿಸ್ಟರ್."

"ಇದ್ರೆ ಹೇಳಮ್ಮ. ಈ ಕೊಠಡಿಯಿಂದ ಆಚೆ ಹೋಗಲ್ಲ. ಮ್ಯಾನೇಜರಿಗೆ ಹೋಗೋದು ಈ ಕೆಲಸಕ್ಕೆ ಆಗುತ್ತೆ, ಆಗಲ್ಲ, ಇಂಥ ಎಚ್ಚರಿಕೆ ಇಟ್ಟುಕೊಂಡ್ರೆ ಆಗುತ್ತೆ ಅನ್ನೋದು ಅಷ್ಟೇ. ಕಾಯಿಲೆ ಹೆಸರು ಹೋಗಲ್ಲ."

ಆಕೆ ಬಾಗಿಲ ಕಡೆ ನೋಡಿದಳು. "ಗೇಟಿನ ಹತ್ತಿರ ಹೇಳಿದ್ರು. ಒಳಗೆ ನರ್ಸಮ್ಮನ ಹತ್ತಿರ ಏನೂ ಬಾಯಿ ಬಿಡಬೇಡ, ಎಲ್ಲಾ ಮೇಲೆ ಮುಟ್ಟುತ್ತೆ ಅಂತ."

ಇಷ್ಟು ವರ್ಷದಲ್ಲಿ ನನಗೆ ಜೋರುಬಾಯಿ ಅಂದಿದ್ದಾರೆ, ಸೂಜಿ ಚುಚ್ಚಿದರೆ ಮೂಳೆಗೇ ತಾಗುತ್ತದೆ ಅಂದಿದ್ದಾರೆ. ಚಾಡಿಕೋರಳು ಎಂದು ಯಾರೂ ಅಂದಿರಲಿಲ್ಲ.

ಅದೇ ದಿನ ಸಿಬ್ಬಂದಿ ಮ್ಯಾನೇಜರು ಬಂದು ಬಾಗಿಲಿಗೆ ಒರಗಿ ನಿಂತರು. ಹೊಸಬರು, ನಗು ಯಾವಾಗಲೂ ತುಟಿಯ ಮೇಲೇ.

"ಸಿಸ್ಟರ್, ಪ್ರೆಸ್ಸಿನವರ ಕಿವಿ ರಿಪೋರ್ಟೆಲ್ಲ ಒಂದು ಪ್ರತಿ ನನ್ನ ಫೈಲಿಗೂ ಬೇಕಲ್ಲ."

"ನಿಮ್ಮ ಫೈಲಿಗೆ ಡಾಕ್ಟರ ಸರ್ಟಿಫಿಕೇಟ್ ಬಂದಿದೆಯಲ್ಲ ಸಾರ್."

"ಅದ್ರಲ್ಲಿ ಏನಿದೆ? ಬರೀ ಫಿಟ್ ಅಂತಿದೆ. ಯಾರು ಅಂತಾದ್ರೂ ಬಾಯಲ್ಲಿ ಹೇಳಿ, ಬರ್ಕೊಳ್ಳಲ್ಲ."

"ನಿಮ್ಮ ರಕ್ತದೊತ್ತಡ ಎಷ್ಟಿದೆ ಅಂತ ಪ್ರೆಸ್ಸಿನವರು ಕೇಳಿದ್ರೆ ಬಾಯಲ್ಲಿ ಹೇಳ್ಲಾ?"

ನಗು ಅಲ್ಲೇ ಇತ್ತು, ಮನುಷ್ಯ ಮಾತ್ರ ಹೊರಟುಹೋದರು. ಅವತ್ತಿನಿಂದ ಅವರ ಮೇಲೆ ಒಂದು ಕಣ್ಣಿಟ್ಟೆ. ಫೈಲುಗಳ ಅಲಮಾರಿಗೆ ಬೀಗ ಹಾಕಿ ಒಮ್ಮೆ ಎಳೆದು ನೋಡುತ್ತಿದ್ದವಳು ಈಗ ಹೋದವಳು ತಿರುಗಿ ಬಂದು ಇನ್ನೊಮ್ಮೆ ಎಳೆದು ನೋಡುವಂತಾಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ, ಪ್ರೆಸ್ ವಿಭಾಗದ ಹಳೆಯ ಆಳು. ದೊಡ್ಡ ಪ್ರೆಸ್ ಅವರದು. ಅದು ಅವರಿಗೆ ಕಾರ್ಖಾನೆ ಕೊಟ್ಟ ಯಂತ್ರವಲ್ಲ, ಅವರೇ ಸಾಕಿದ ಪ್ರಾಣಿ. ಕಿವಿಗೆ ಹಾಕಲು ಕೊಟ್ಟ ಮಫ್ ಸದಾ ಕತ್ತಿನಲ್ಲೇ ಇರುತ್ತಿತ್ತು. "ಹಾಕ್ಕೊಂಡ್ರೆ ಅದು ಏನು ಹೇಳ್ತಿದೆ ಗೊತ್ತಾಗಲ್ಲ ಕಣಮ್ಮ" ಎನ್ನುತ್ತಿದ್ದರು. ಬೈದು ಬೈದು ನನ್ನ ಬಾಯಿ ಒಣಗಿತ್ತು.

ಆ ವರ್ಷ ಅವರ ಪರೀಕ್ಷೆಯಲ್ಲಿ ಕಿವಿಯೊಳಗೆ ದೀಪ ಹಾಕಿ ನೋಡಿದೆ, ಗುಗ್ಗೆ ಇರಲಿಲ್ಲ. ಕೆಂಪು ಗುರುತಿನ ಹೆಡ್‌ಫೋನ್ ಬಲಕ್ಕೆ, ನೀಲಿ ಎಡಕ್ಕೆ ಹಾಕಿ, ಗಾಜಿನ ಕಿಟಕಿಯ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿದೆ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ದಪ್ಪ ಸದ್ದಿಗೆಲ್ಲ ಸರಿಯಾಗಿ ಒತ್ತಿದರು. ಕೀರಲು ಸದ್ದು ಬಂತು, ನಾಲ್ಕು ಸಾವಿರ ಹರ್ಟ್ಸಿನದು. ಗದ್ದಲ ಮೊದಲು ತಿನ್ನುವುದು ಅಲ್ಲೇ. ಭಾವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ನನ್ನ ಮುಖ ನೋಡುತ್ತಿದ್ದರು. ಸದ್ದು ಹೋಗುತ್ತಲೇ ಇತ್ತು. ಹಿಂದಿನ ವರ್ಷಕ್ಕಿಂತ ಎರಡೂ ಕಿವಿ ಇಳಿದಿದ್ದವು.

ಆದರೆ ಒಂದು ಸಲದ ಪರೀಕ್ಷೆಯನ್ನು ನಂಬುವ ಹಾಗಿಲ್ಲ. ಗದ್ದಲದಿಂದ ನೇರ ಎದ್ದು ಬಂದವನ ಕಿವಿ ದಣಿದಿರುತ್ತದೆ. ಒಂದಿಷ್ಟು ಹೊತ್ತು ಸದ್ದಿಲ್ಲದೆ ಇದ್ದರೆ ಸುಧಾರಿಸಿಕೊಳ್ಳಬಹುದು. ಸುಧಾರಿಸಿದರೆ ದಣಿವು, ಇಲ್ಲದಿದ್ದರೆ ನಷ್ಟ. ಆದ್ದರಿಂದ ಭಾನುವಾರದ ರಜೆ ಕಳೆದು ಸೋಮವಾರ ಬೆಳಗ್ಗೆ, ಯಂತ್ರಗಳು ಶುರುವಾಗುವ ಮುಂಚೆ ಮತ್ತೆ ನೋಡುತ್ತೇವೆ. ಈ ಏರ್ಪಾಡನ್ನು ಡಾಕ್ಟರೂ ನಾನೂ ಕೂತು ಹೆಣೆದದ್ದು. ಮೊದಲ ಪರೀಕ್ಷೆ ಎಲ್ಲರಿಗೂ ವಾರದ ನಡುವೆ, ಕೆಲಸದ ಮಧ್ಯೆ, ಒಬ್ಬೊಬ್ಬರಾಗಿ. ಅನುಮಾನ ಬಂದವರಿಗೆ ಮಾತ್ರ ಸೋಮವಾರ. ಕರೆಯುವಾಗ ಫೋರ್‌ಮನ್ನಿಗೆ ಹೇಳುವುದೂ ಅಷ್ಟೇ: ಇಂಥವರನ್ನು ಇಂಥ ದಿನ ಕಳಿಸಿ. ಏಕೆ ಎಂಬುದಿಲ್ಲ. ಎಷ್ಟು ಜೋಪಾನದ ವ್ಯವಸ್ಥೆ ಎಂದು ನನಗೆ ಹೆಮ್ಮೆ ಬೇರೆ ಇತ್ತು.

"ನಿಮ್ಮಕ್ಕನಿಗೆ ಹೇಳಬೇಡ" ಎಂದರು ಭಾವ, ಪೆಟ್ಟಿಗೆಯಿಂದ ಹೊರಗೆ ಬಂದು.

"ಅಕ್ಕನಿಗೇನು, ಯಾರಿಗೂ ಹೇಳಲ್ಲ. ಸೋಮವಾರ ಬನ್ನಿ."

ಆ ಸೋಮವಾರ ಬರುವ ಮೊದಲೇ, ಶನಿವಾರ, ಫೋರ್‌ಮನ್ ಅವರನ್ನು ಪ್ರೆಸ್ಸಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದ. ಬೀರುಗಳಿಗೆ ರಟ್ಟು ಸುತ್ತುವ ಕೆಲಸ.

ಭಾನುವಾರ ಅಕ್ಕ ಬಂದಳು. ಚಪ್ಪಲಿ ಬಿಡುವಾಗಲೇ ಬೈಗುಳ ಶುರು.

"ಏನೇ, ಮನೆ ಅಳಿಯ ಅಂತಾನೂ ನೋಡ್ಲಿಲ್ವಲ್ಲೇ ನೀನು? ಅದೇನು ಹೇಳಿ ಬಂದೆ ಆ ಫೋರ್‌ಮನ್ ಹತ್ತಿರ?"

"ಅಕ್ಕ, ನಾನು ಏನೂ ಹೇಳಿಲ್ಲ."

"ಮತ್ತೆ ಅವನಿಗೆ ಕನಸು ಬಿತ್ತಾ? ಇವರ ಕಿವಿಗೆ ಏನಾಗಿದೆ? ಕಟ್ಟಿಕೊಂಡ ನನಗೆ ಗೊತ್ತಿಲ್ಲ, ಊರಿಗೆಲ್ಲ ಗೊತ್ತು!"

ಏನಾಗಿದೆ ಎಂದು ನನಗೆ ಗೊತ್ತಿತ್ತು. ಬಾಯಿಗೆ ಬೀಗ. "ಭಾವನ್ನೇ ಕೇಳು" ಎಂದೆ.

"ಅವರು ಬಾಯಿ ಬಿಟ್ರೆ ತಾನೇ! ಗೋಡೆ ನೋಡ್ಕೊಂಡು ಕೂತಿದ್ದಾರೆ. ನಾನೂ ಸೋಮವಾರದವನಾದೆ, ನಾನೂ ಸೋಮವಾರದವನಾದೆ ಅಂತ ಅದೊಂದೇ. ಇನ್ನು ನಿನ್ನ ಆ ಪೆಟ್ಟಿಗೆಯೊಳಗೆ ಕಾಲಿಡಲ್ವಂತೆ. ನಾನೂ ನಿನ್ನ ಮನೆಗೆ ಕಾಲಿಡಲ್ಲ."

ಸೋಮವಾರ ಕರೆದದ್ದಕ್ಕೆ ಹಾಗೆ ಹೇಳಿರಬೇಕು ಎಂದುಕೊಂಡು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಅಕ್ಕ ಹೋದ ಮೇಲೆ ಅತ್ತೆ. ಅವಳು ನನ್ನನ್ನು ತಾಯಿಯ ಹಾಗೆ ಬೆಳೆಸಿದವಳು.

ಸೋಮವಾರ ಭಾವ ಬರಲಿಲ್ಲ. ನಾನು ದಿನಾ ಬೆಳಗ್ಗೆ ಹೆಡ್‌ಫೋನನ್ನು ನನ್ನ ಕಿವಿಗೇ ಹಾಕಿ ಯಂತ್ರ ಪರೀಕ್ಷಿಸುತ್ತೇನೆ. ಹಾಗೆ ಹಾಕಿಕೊಂಡು, ಖಾಲಿ ಕುರ್ಚಿ ನೋಡುತ್ತ ಯೋಚಿಸಿದೆ. ಎರಡನೆಯ ಪರೀಕ್ಷೆ ಆಗದಿದ್ದರೆ ಭಾವನ ಕಿವಿ ದಣಿದಿದೆಯೋ ಹೋಗಿದೆಯೋ ಎಂದು ಯಾರೂ ಹೇಳಲಾರರು. ನಾಳೆ ಪ್ರೆಸ್ಸಿಗೆ ಮರಳಿದರೆ ಅವರು ಹಾಗೇ ಮಫ್ ಕತ್ತಿನಲ್ಲಿ ಹಾಕಿಕೊಂಡು ಉಳಿದದ್ದನ್ನೂ ಕಳೆದುಕೊಳ್ಳುತ್ತಾರೆ. ಅವರನ್ನು ನೋಡಿ ಉಳಿದವರೂ ಬರುವುದಿಲ್ಲ. ಈ ಗದ್ದಲ ಕಿವಿ ತಿನ್ನುತ್ತಿದೆ, ಪ್ರೆಸ್ಸಿಗೆ ಸದ್ದು ತಡೆಯುವ ಮುಚ್ಚಿಗೆ ಕಟ್ಟಿಸಿ ಎಂದು ಹೆಸರಿಲ್ಲದೆ ಲೆಕ್ಕ ಮುಂದಿಟ್ಟು ಡಾಕ್ಟರು ಆಡಳಿತವನ್ನು ಕೇಳಬೇಕಾದರೂ ಕೈಯಲ್ಲಿ ಲೆಕ್ಕವೇ ಇರುವುದಿಲ್ಲ.

ಹಾಗಾದರೆ ಹೇಳಿದವರು ಯಾರು? ಅಲಮಾರಿಯ ಕೀಲಿ ಇದ್ದದ್ದು ಇಬ್ಬರ ಹತ್ತಿರ. ಒಂದು ನನ್ನದು, ಇನ್ನೊಂದು ಡಾಕ್ಟರದು. ಡಾಕ್ಟರು ವಾರದಲ್ಲಿ ಒಂದೆರಡು ದಿನ ಬರುವವರು. ಬಂದಾಗಲೆಲ್ಲ ಮ್ಯಾನೇಜರ ಕೋಣೆಯಲ್ಲಿ ಕಾಫಿ. ಆ ಕಾಫಿಗೆ ಅಷ್ಟು ಹೊತ್ತು ಏಕೆ ಬೇಕು? ಅವರು ಬಂದ ದಿನ ಕೇಳಿಯೇ ಬಿಟ್ಟೆ.

ಡಾಕ್ಟರು ಕನ್ನಡಕ ತೆಗೆದರು. "ನಾನೂ ಇದನ್ನೇ ಕೇಳಬೇಕು ಅಂತಿದ್ದೆ ಸಿಸ್ಟರ್. ನಿಮ್ಮ ಭಾವ ಅಲ್ವಾ ಅವರು? ಮನೆಯಲ್ಲಿ ಮಾತಿಗೆ ಮಾತು ಬಂದು..."

"ಮನೆಯಲ್ಲಿ ನನಗೆ ಈಗ ಮಾತೇ ಇಲ್ಲ ಡಾಕ್ಟ್ರೇ, ಇನ್ನು ಮಾತಿಗೆ ಮಾತು ಎಲ್ಲಿಂದ ಬರುತ್ತೆ!"

ಇಬ್ಬರೂ ಮುಖ ಗಂಟು ಹಾಕಿಕೊಂಡು ಆ ಪುಟ್ಟ ಕೊಠಡಿಯಲ್ಲಿ ದಿನ ಕಳೆದೆವು. ಅವರು ಫೈಲು ತೆಗೆದರೆ ಯಾವುದು ಎಂದು ನಾನು ಕತ್ತು ಚಾಚುವುದು, ನಾನು ಫೋನ್ ಎತ್ತಿದರೆ ಯಾರಿಗೆ ಎಂದು ಅವರು ಕಿವಿ ಕೊಡುವುದು. ಈಗ ನೆನೆದರೆ ನಗು ಬರುತ್ತದೆ. ಆಗ ಮೈ ಉರಿಯುತ್ತಿತ್ತು.

ಗಂಟು ಬಿಡಿಸಿದವನು ಪ್ಯಾಕಿಂಗ್ ವಿಭಾಗದ ಒಬ್ಬ. ಅವನನ್ನು ಎಲ್ಲರೂ ಹರಟೆ ಮಲ್ಲ ಎನ್ನುತ್ತಾರೆ. ತನ್ನ ಗುಟ್ಟನ್ನು ತಾನೇ ಸಾರಿಕೊಂಡು ಬರುವ ಜಾತಿ, ಆದ್ದರಿಂದ ಅವನ ವಿಷಯ ಹೇಳಿದರೆ ತಪ್ಪಿಲ್ಲ. ಅವನೂ ಮುಂಚೆ ಪ್ರೆಸ್ಸಿನವನೇ. ರಟ್ಟು ಕೊಯ್ಯುವ ಚಾಕು ಬೆರಳಿಗೆ ತಾಗಿತ್ತು. ಪಟ್ಟಿ ಕಟ್ಟುತ್ತಿದ್ದಾಗ ಶುರು ಮಾಡಿದ.

"ಸಿಸ್ಟರ್, ನನ್ನ ಕಿವಿಯಲ್ಲಿ ಬರೀ ಗುಗ್ಗೆ ಅಂತ ನೀವೇ ತೆಗೆಸಿದ್ರಿ. ಎರಡನೇ ಸಲ ನೋಡಿದಾಗ ಮಗು ಕಿವಿ ಇದ್ದ ಹಾಗಿದೆ ಅಂದ್ರಿ."

"ಅಂದೆ. ಇದ್ದದ್ದೇ ಹಾಗೆ."

"ಮತ್ತೆ ನಾನ್ಯಾಕೆ ಸೋಮವಾರದವನು?"

ಪಟ್ಟಿ ಸುತ್ತುತ್ತಿದ್ದ ಕೈ ನಿಂತಿತು. "ಹಾಗಂದ್ರೆ?"

"ಅಯ್ಯೋ, ನಿಮಗೆ ಗೊತ್ತಿಲ್ವಾ? ಕಿವಿ ಹೋದವರಿಗೆ ಪ್ರೆಸ್ಸಿನಲ್ಲಿ ಇಟ್ಟಿರೋ ಹೆಸರು ಅದು. ನೀವು ಮಂಗಳವಾರ, ಬುಧವಾರ ಕರೆದ್ರೆ ಮಾಮೂಲಿ. ಸೋಮವಾರ ಬೆಳಗ್ಗೆ ಕರೆದ್ರೆ ಅವನ ಕತೆ ಮುಗೀತು ಅಂತ. ಫೋರ್‌ಮನ್ನಿಗೆ ನೀವು ಹೇಳಿ ಕಳಿಸ್ತೀರಲ್ಲ, ಇಂಥವನನ್ನ ಸೋಮವಾರ ಕಳಿಸು ಅಂತ? ಆ ಕ್ಷಣದಿಂದ ಅವನು ಪ್ರೆಸ್ಸಿಗೆ ಬೇಡ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಫೈಲು ಯಾರೂ ತೆಗೆದಿರಲಿಲ್ಲ. ಡಾಕ್ಟರು ಮ್ಯಾನೇಜರ ಜೊತೆ ಬರೀ ಕಾಫಿಯನ್ನೇ ಕುಡಿದಿದ್ದರು. ಬೀಗವೂ ಭದ್ರ, ಬಾಯಿಯೂ ಭದ್ರ, ಬಾಯಿ ಬಿಟ್ಟದ್ದು ಸೋಮವಾರ. ಆ ದಿನವನ್ನು ಆರಿಸಿ ಕೂರಿಸಿದವರು ಡಾಕ್ಟರೂ ನಾನೂ.

ನೇರ ಫೋರ್‌ಮನ್ ಹತ್ತಿರ ಹೋದೆ. ಗಟ್ಟಿ ಆಳು, ಪ್ರೆಸ್ಸಿನ ಪಕ್ಕದಲ್ಲೇ ಅವನ ಗಾಜಿನ ಗೂಡು. ಗೂಡಿನಲ್ಲೂ ಕೂಗಿಯೇ ಮಾತಾಡುವವನು.

"ನಾನು ಯಾರ ಫೈಲೂ ಮುಟ್ಟಿಲ್ಲ ಸಿಸ್ಟರ್! ಯಾರನ್ನೂ ಕೇಳಿಲ್ಲ! ನೀವು ಯಾರನ್ನ ಯಾವ ದಿನ ಕರೀತೀರಿ ಅಂತ ನೋಡ್ದೆ, ಅಷ್ಟೇ. ಇಷ್ಟು ವರ್ಷ ಇಲ್ಲಿದ್ದೀನಿ, ಅಷ್ಟೂ ತಿಳಿಯಲ್ವಾ?"

"ತಪ್ಪು ತಿಳಿದಿದ್ದೀಯಪ್ಪ. ಸೋಮವಾರ ಕರೆಯೋದು ಅನುಮಾನ ಬಗೆಹರಿಸೋಕೆ. ಕರೆದವರಿಗೆಲ್ಲ ಕಿವಿ ಹೋಗಿರುತ್ತೆ ಅಂತ ಯಾರು ಹೇಳಿದ್ದು?"

"ಹೋಗಿದ್ರೆ? ಪ್ರೆಸ್ಸಿನ ಎಚ್ಚರಿಕೆ ಗಂಟೆ ಕೇಳದೆ ಒಬ್ಬನ ಕೈ ಒಳಗೆ ಹೋದ್ರೆ ನನ್ನ ತಲೆ ತಾನೇ ಹೋಗೋದು? ನಾನು ಒಳ್ಳೇದಕ್ಕೇ ಮಾಡಿದ್ದು."

ಅದು ಸುಳ್ಳಲ್ಲ. ಅವನು ಹೆದರಿದ್ದ. ಅವನ ಹೆದರಿಕೆ ನನಗೆ ಅರ್ಥವಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. "ಆ ತೀರ್ಮಾನ ಡಾಕ್ಟರದು, ನಿನ್ನದಲ್ಲ. ಅಂದ ಹಾಗೆ ನೀನು ಪರೀಕ್ಷೆಗೆ ಬಂದು ಎಷ್ಟು ಕಾಲವಾಯ್ತು? ನೀನೂ ಇದೇ ಗದ್ದಲದಲ್ಲಿ ಕೂತಿರೋನು."

"ನನಗೆ ಪುರುಸೊತ್ತು ಎಲ್ಲಿದೆ!" ಎಂದು ಅವನು ಯಾವುದೋ ನಟ್ಟು ಹುಡುಕತೊಡಗಿದ.

ಡಾಕ್ಟರಿಗೆ ಹೇಳಿದೆ. ಅವರು "ಸಿಸ್ಟರ್, ನಿಮ್ಮ ಮೇಲೆ ಅನುಮಾನ ಪಟ್ಟೆನಲ್ಲ" ಎಂದರು. ನಾನೂ ಪಟ್ಟಿದ್ದೆ ಎಂದೆ. ಇಬ್ಬರೂ ಕೂತು ಏರ್ಪಾಡನ್ನು ಬಿಚ್ಚಿ ಹೊಸದಾಗಿ ಹೆಣೆದೆವು. ಇನ್ನು ಮೇಲೆ ಪ್ರೆಸ್ಸಿನ ಎಲ್ಲರಿಗೂ ಸೋಮವಾರವೇ, ಯಂತ್ರ ಶುರುವಾಗುವ ಮುಂಚೆಯೇ, ಗುಂಪು ಗುಂಪಾಗಿ. ಮತ್ತೆ ನೋಡಬೇಕಾದವರು ಮುಂದಿನ ಯಾವುದೋ ಗುಂಪಿನಲ್ಲಿ ಸೇರಿಕೊಳ್ಳುತ್ತಾರೆ, ಜೊತೆಗೆ ಚೆನ್ನಾಗಿರುವವರಲ್ಲೂ ಕೆಲವರನ್ನು ಚೀಟಿ ಎತ್ತಿ ಎರಡನೆಯ ಸಲ ಕರೆಯುತ್ತೇವೆ. ಕೊಠಡಿಯ ಹೊರಗೆ ಕಾಯುವ ಅದೇ ಬೆಂಚಿನ ಮೇಲೆ ಊದಲು ಬಂದ ಬಣ್ಣದವರು, ಹೊಸದಾಗಿ ಸೇರುವವರು. ಬೆಂಚು ನೋಡಿ ಯಾರೂ ಏನೂ ಓದಲಾಗಬಾರದು.

ಮ್ಯಾನೇಜರಿಗೆ ಡಾಕ್ಟರು ಬರೆದದ್ದು ಚಿಕ್ಕದು: ಆರೋಗ್ಯದ ಕಾರಣಕ್ಕೆ ಯಾರನ್ನೂ ಸ್ಥಳ ಬದಲಿಸಲು ನಾನು ಹೇಳಿಲ್ಲ. ಅದನ್ನು ಓದಿದಾಗ ಮ್ಯಾನೇಜರ ತುಟಿಯ ನಗು ಮೊದಲ ಸಲ ಹೋಯಿತು. ಡಾಕ್ಟರು ಹೇಳದೆಯೇ ತೆಗೆದದ್ದು ಎಂದರೆ ನಾಳೆ ಉತ್ತರ ಕೊಡಬೇಕಾದವರು ತಾವು ಎಂದು ಅವರಿಗೆ ಹೊಳೆದಿರಬೇಕು. ಭಾವನೂ ಹರಟೆ ಮಲ್ಲನೂ ಆ ವಾರವೇ ಪ್ರೆಸ್ಸಿಗೆ ಮರಳಿದರು. ಬಣ್ಣದ ವಿಭಾಗಕ್ಕೆ ಬಂದಿದ್ದ ಆ ಹೆಂಗಸು ಒಂದು ದಿನ ತಾನಾಗಿಯೇ ಬಾಗಿಲು ತಟ್ಟಿ, ಕೂತು, ಮೊದಲು ಹೇಳದೆ ಬಿಟ್ಟದ್ದನ್ನು ಹೇಳಿದಳು. ಡಾಕ್ಟರು ಆಕೆಗೆ ತಕ್ಕ ಕೆಲಸ ಯಾವುದು ಎಂದು ಬರೆದರು. ಅದು ಯಾವುದು ಎಂದು ನಿಮಗೆ ಬೇಡ.

ಭಾವ ಮಾತ್ರ ಪರೀಕ್ಷೆಗೆ ಬರಲಿಲ್ಲ. ಹೊಸ ಏರ್ಪಾಡಿನ ಮೊದಲ ಸೋಮವಾರ ಬೆಂಚು ತುಂಬಿತ್ತು. ಮೊದಲು ಕೂತವನು ಫೋರ್‌ಮನ್. ಅವನನ್ನು ಬಿಟ್ಟರೆ ಉಳಿದವರು ಏಕೆ ಬರುತ್ತಾರೆ ಎಂದು ಡಾಕ್ಟರೇ ಹಟ ಹಿಡಿದಿದ್ದರು. ಅವನು ಪೆಟ್ಟಿಗೆಯೊಳಗೆ ಹೋದ, ಬಂದ. ಬಂದವನು ನನ್ನ ಮುಖ ನೋಡಿದ. ನಾನು ಹೇಳಬೇಕಾದದ್ದನ್ನು ಬಾಗಿಲು ಹಾಕಿ ಅವನಿಗೆ ಹೇಳಿದೆ.

ಸಂಜೆ ಅಕ್ಕನ ಮನೆಗೆ ಹೋದೆ. ಅವಳು ಬರದಿದ್ದರೆ ನಾನು ಹೋಗಬಾರದು ಎಂದೇನಿಲ್ಲವಲ್ಲ. ಭಾವ ಕುರ್ಚಿಯಲ್ಲಿದ್ದರು, ಅಕ್ಕ ಬಟ್ಟೆ ಮಡಚುತ್ತಿದ್ದಳು. ನಡೆದದ್ದನ್ನೆಲ್ಲ, ಸೋಮವಾರದ ಎಡವಟ್ಟನ್ನೆಲ್ಲ, ಬಿಡಿಸಿ ಹೇಳಿದೆ. ಭಾವ ನನ್ನ ತುಟಿಗಳನ್ನೇ ನೋಡುತ್ತಿದ್ದರು.

"ಚೆನ್ನಾಗಿ ಕತೆ ಕಟ್ಟಿದ್ದೀಯ" ಎಂದಳು ಅಕ್ಕ.

ಭಾವ ಕೇಳಿದರು: "ಫೋರ್‌ಮನ್ ಇವತ್ತು ಕೂತನಂತಲ್ಲ. ಅವನ ಕಿವಿ ಹೇಗಿದೆ?"

"ಅವನನ್ನೇ ಕೇಳಿ ಭಾವ."

"ನಿನ್ನನ್ನ ಕೇಳ್ತಿದ್ದೀನಿ. ನನ್ನನ್ನ ಎತ್ತಿ ಬಿಸಾಕಿದವನು ಅವನು. ನಿನ್ನ ಹೆಸರು ಕೆಡಿಸಿದವನೂ ಅವನೇ."

"ಹೇಳೇ!" ಎಂದಳು ಅಕ್ಕ, ಕೈಯಲ್ಲಿದ್ದ ಬಟ್ಟೆ ಬಿಟ್ಟು. "ನಮ್ಮ ಮನೆಯೊಳಗೆ ಇರುತ್ತೆ. ನಾನು ನಿನ್ನ ಅಕ್ಕ ಅಲ್ವಾ?"

ನಾಲಿಗೆ ತುರಿಸಿತು. ಸುಳ್ಳು ಏಕೆ ಹೇಳಲಿ, ಆ ಹೊತ್ತಿಗೆ ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಇವರಿಬ್ಬರದನ್ನೂ ಸೇರಿಸಿದರೂ ಅದಕ್ಕಿಂತ ಹೆಚ್ಚಿತ್ತು. ಒಂದು ಮಾತು ಆಡಿದರೆ ಅಕ್ಕ ನನ್ನವಳಾಗುತ್ತಾಳೆ.

"ಹೋಗಲಿ, ಬಾಯಿ ಬಿಡಬೇಡ" ಎಂದರು ಭಾವ. "ಕೆಟ್ಟಿದ್ರೆ ಸುಮ್ಮನೆ ತಲೆ ಆಡಿಸು."

ತಲೆ ಆಡಿಸಲಿಲ್ಲ. ಕತ್ತು ಅಲುಗಿದರೂ ಏನಾದರೂ ಅಂದುಕೊಂಡಾರು ಎಂದು ಬಿಗಿಹಿಡಿದು ಕೂತೆ. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲೂ ಇಲ್ಲ. ಅಕ್ಕ ಛೀ ಎಂದು ಮುಖ ತಿರುಗಿಸಿದಳು.

ಭಾವ ನನ್ನನ್ನು ನೋಡುತ್ತಲೇ ಇದ್ದರು. ಆಮೇಲೆ ಅವರ ಭುಜ ಇಳಿಯಿತು. "ಅವನದನ್ನೇ ಹೇಳದವಳು ನನ್ನದನ್ನ ಹೇಳ್ತಾಳೇನೇ?" ಎಂದರು ಅಕ್ಕನಿಗೆ. ನನ್ನ ಕಡೆ ತಿರುಗಿ, "ಮುಂದಿನ ಸೋಮವಾರ ಬರ್ತೀನಮ್ಮ" ಎಂದರು.

"ಬನ್ನಿ, ಬನ್ನಿ" ಎಂದಳು ಅಕ್ಕ, ಬಟ್ಟೆಯ ಕಡೆಗೇ ಮುಖ ಮಾಡಿಕೊಂಡು. "ಬಂದು ಏನು? ಏನಾಗಿದೆ ಅಂತ ಇವಳಂತೂ ನನಗೆ ಹೇಳಲ್ಲ."

ಭಾವ ಅವಳ ಬೆನ್ನು ನೋಡಿ ನನ್ನನ್ನು ಕೇಳಿದರು. "ಏನಂದ್ಲು?"

ಅಕ್ಕ ತಿರುಗಿದಳು. ಅವರಿಗೆ ಏಕೆ ಕೇಳಿಸಲಿಲ್ಲ ಎಂಬುದು ನಾನು ಹೇಳುವ ಮಾತಲ್ಲ.

"ನಾನೇ ಹೇಳ್ತೀನಿ ಕಣೆ" ಎಂದರು ಭಾವ. "ಯಂತ್ರದ ಸದ್ದು ಕೇಳುತ್ತೆ ನನಗೆ. ನಿನ್ನ ಮಾತೇ ಸರಿಯಾಗಿ ಕೇಳಿಸ್ತಿಲ್ಲ. ಬಹಳ ದಿನ ಆಯ್ತು. ಹೂಂ ಹೂಂ ಅಂತ ಅಂದಾಜಿನ ಮೇಲೆ ಸಂಸಾರ ಮಾಡ್ತಿದ್ದೀನಿ."

ಅಕ್ಕ ಮಡಚಿದ ಬಟ್ಟೆಯನ್ನು ಬದಿಗೆ ಸರಿಸಿದಳು. ಆಮೇಲೆ ಎದ್ದು ಬಂದು ಅವರ ಎದುರಿಗೆ, ಮುಖ ಕಾಣುವ ಹಾಗೆ ಕೂತಳು.